ಅರಿಯರ್ಸ್ ಬಂದಿಲ್ಲ ಅಂತ ಪತ್ರ ಬರೆಯುವ ಮೊದಲು

"ಅಕ್ಕಾ, ಪ್ರಮೋಷನ್ ಆಗಿ ಮೂರು ತಿಂಗಳ ಅರಿಯರ್ಸ್ ಬಂದಿಲ್ಲ, ಮೇಲಿಂದ ಸಂಬಳದಲ್ಲಿ ಕಟ್ ಬೇರೆ ಮಾಡಿದ್ದಾರೆ. ಪೇರೋಲ್‌ನವರಿಗೆ ಕಳಿಸೋಕೆ ಒಂದು ಒಳ್ಳೆ ಲೆಟರ್ ಫಾರ್ಮ್ಯಾಟ್ ಇದ್ರೆ ಕೊಡಿ."

ಫಾರ್ಮ್ಯಾಟ್ ಇಲ್ಲ. ನಾನು ಎಂಟು ವರ್ಷ ಪೇರೋಲ್ ಟೇಬಲ್ಲಿನ ಆ ಕಡೆ ಕೂತು ಇಂಥ ಪತ್ರಗಳನ್ನು ಓದಿದವಳು. ಒಳ್ಳೆ ಫಾರ್ಮ್ಯಾಟಿನಲ್ಲಿ ಬಂದ ಪತ್ರಗಳೇ ಜಾಸ್ತಿ ದಿನ ಬಾಕಿ ಉಳಿಯುತ್ತಿದ್ದವು. "ನಾನು ಈ ಸಂಸ್ಥೆಗೆ ನಿಷ್ಠೆಯಿಂದ ದುಡಿದಿದ್ದೇನೆ" ಅಂತ ಶುರುವಾಗಿ "ಕೂಡಲೇ ಕ್ರಮ ಕೈಗೊಳ್ಳಬೇಕು" ಅಂತ ಮುಗಿಯುತ್ತಿದ್ದವು. ನಡುವೆ ಯಾವ ತಿಂಗಳು, ಎಷ್ಟು ರೂಪಾಯಿ, ಎರಡೂ ಇರುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಸಾವಿರ ಜನರ ಸಂಬಳ ಮಾಡುವವರು ಅದನ್ನು ಓದಿ, "ಪರಿಶೀಲಿಸುತ್ತೇವೆ" ಅಂತ ಬರೆದು ಪಕ್ಕಕ್ಕಿಡುತ್ತಾರೆ. ಅದು ದುರಹಂಕಾರ ಅಲ್ಲ. ಅವರಿಗೆ ಎಲ್ಲಿ ಹುಡುಕಬೇಕು ಅಂತಲೇ ಗೊತ್ತಾಗಿರುವುದಿಲ್ಲ.

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳು ಇಂಥದ್ದೇ ಪತ್ರ ತಂದು ತೋರಿಸಿದಳು. ಒಂದೂವರೆ ಪುಟ. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ಪ್ರಮೋಷನ್ ಪತ್ರ ಜೂನ್ ಕೊನೆಯಲ್ಲಿ ಕೈಗೆ ಬಂದಿತ್ತು, ಆದರೆ ಅದರಲ್ಲಿ ಸ್ಪಷ್ಟವಾಗಿ "2025ರ ಏಪ್ರಿಲ್ 1ರಿಂದ ಜಾರಿ" ಅಂತ ಇತ್ತು. ಜುಲೈಯಲ್ಲಿ ಹೊಸ ಸಂಬಳ ಬಂತು, ಏಪ್ರಿಲ್, ಮೇ, ಜೂನ್ ವ್ಯತ್ಯಾಸ ಬರಲಿಲ್ಲ. ಸಾಲದ್ದಕ್ಕೆ ಎರಡು ದಿನದ ಎಲ್‌ಒಪಿ, ಅಂದರೆ ಸಂಬಳವಿಲ್ಲದ ರಜೆ, ಅಂತ ಸಂಬಳ ಕಟ್ ಆಗಿತ್ತು. ಅವಳು ಆ ಎರಡು ದಿನ ರಜೆ ಹಾಕಿಯೇ ಹೋಗಿದ್ದಳು. ರಜೆ ಬೇಕಾದಷ್ಟು ಬಾಕಿಯೂ ಇತ್ತು. ಪತ್ರದ ತುಂಬ ನೋವಿತ್ತು. ಅದು ನ್ಯಾಯವಾದ ನೋವೇ.

"ನಿನಗೆ ಒಟ್ಟು ಎಷ್ಟು ಬರಬೇಕು?" ಅಂತ ಕೇಳಿದೆ. ಗೊತ್ತಿರಲಿಲ್ಲ. ನೀವೆಲ್ಲ ನನ್ನ ಹತ್ತಿರ ಕೇಳಬೇಕಾದದ್ದು ಇದನ್ನೇ: "ಅಕ್ಕಾ, ನನಗೆ ಸರಿಯಾಗಿ ಎಷ್ಟು ಬರಬೇಕು, ಅದು ಎಲ್ಲಿ ತಪ್ಪಿಹೋಯಿತು?" ಇದು ಗೊತ್ತಾದರೆ ಪತ್ರ ಆರು ಸಾಲಿನಲ್ಲಿ ಮುಗಿಯುತ್ತದೆ.

ಜೂನ್ ಮತ್ತು ಜುಲೈ ಪೇಸ್ಲಿಪ್ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಹಳೆಯದರಲ್ಲಿ ಬೇಸಿಕ್ 24,000, ಎಚ್‌ಆರ್‌ಎ 9,600, ಸ್ಪೆಷಲ್ ಅಲೊವೆನ್ಸ್ 14,400, ಒಟ್ಟು 48,000. ಹೊಸದು ಬೇಸಿಕ್ 30,000, ಎಚ್‌ಆರ್‌ಎ 12,000, ಸ್ಪೆಷಲ್ 18,000, ಒಟ್ಟು 60,000. ತಿಂಗಳಿಗೆ ವ್ಯತ್ಯಾಸ 12,000, ಮೂರು ತಿಂಗಳಿಗೆ 36,000. ಎಲ್‌ಒಪಿಗೆ ಅವರು ಜುಲೈಯ 31 ದಿನದಿಂದ ಭಾಗಿಸಿದ್ದರು, ಅಂದರೆ 60,000 ಭಾಗಿಸು 31, ಎರಡು ದಿನಕ್ಕೆ 3,871. ಇದನ್ನು ನೀವೇ ಲೆಕ್ಕ ಹಾಕಿ ನೋಡಿ, ಯಾಕೆಂದರೆ ಕೆಲವು ಕಂಪನಿಗಳು ಯಾವ ತಿಂಗಳಾದರೂ 30ರಿಂದ ಭಾಗಿಸುತ್ತವೆ, ಕೆಲವು 26ರಿಂದ. 30 ಆಗಿದ್ದರೆ 4,000 ಕಟ್ ಆಗಿರುತ್ತಿತ್ತು. ಯಾವುದರಿಂದ ಭಾಗಿಸಿದರೆ ಪೇಸ್ಲಿಪ್‌ನ ಅಂಕಿ ಬರುತ್ತದೋ ಅದೇ ನಿಮ್ಮ ಕಂಪನಿಯ ಪದ್ಧತಿ, ವಾಪಸ್ ಬರಬೇಕಾದದ್ದೂ ಅದೇ ಲೆಕ್ಕದಲ್ಲಿ.

ಇನ್ನು ಎಲ್ಲಿ ತಪ್ಪಿತು ಅನ್ನುವುದು. ಪೇರೋಲ್ ಸಾಫ್ಟ್‌ವೇರಿನಲ್ಲಿ ಸಂಬಳ ಬದಲಿಸುವಾಗ ಎರಡು ದಿನಾಂಕ ತುಂಬಬೇಕು. ಹೊಸ ಸಂಬಳ ಯಾವಾಗಿಂದ ಜಾರಿ ಅನ್ನುವುದು ಒಂದು, ಯಾವ ತಿಂಗಳ ಸಂಬಳದಲ್ಲಿ ಕೊಡಬೇಕು ಅನ್ನುವುದು ಇನ್ನೊಂದು. ಇವೆರಡರ ನಡುವಿನ ಅಂತರ ನೋಡಿಯೇ ಅದು ಅರಿಯರ್ಸ್ ಲೆಕ್ಕ ಹಾಕುತ್ತದೆ. ಎರಡೂ ಕಡೆ ಜುಲೈ ಅಂತ ಹಾಕಿಬಿಟ್ಟರೆ ಅಂತರವೇ ಇಲ್ಲ, ಅರಿಯರ್ಸ್ ಸೊನ್ನೆ. ತಪ್ಪು ಅಂತ ಯಾವ ಸೂಚನೆಯೂ ಬರುವುದಿಲ್ಲ. ಅವಳು ಮೊದಲು ಬಾಯಲ್ಲಿ ಕೇಳಿದಾಗ ಪೇರೋಲ್‌ನವರು "ನಮ್ಮ ದಾಖಲೆಯಲ್ಲಿ ಜುಲೈ 1ರಿಂದ ಜಾರಿ ಅಂತಿದೆ, ಹಾಗಾಗಿ ಅರಿಯರ್ಸ್ ಬರುವುದಿಲ್ಲ" ಅಂದಿದ್ದರಂತೆ. ಇವಳು ಅದನ್ನು ನಿರಾಕರಣೆ ಅಂದುಕೊಂಡು ಅತ್ತಿದ್ದಳು. ನನಗೆ ಮಾತ್ರ ಆ ಉತ್ತರದಲ್ಲೇ ತಪ್ಪಿನ ಜಾಗ ಸಿಕ್ಕಿಬಿಟ್ಟಿತು.

ಎಲ್‌ಒಪಿಯ ಕಥೆ ಬೇರೆ. ಪ್ರಮೋಷನ್ ಜೊತೆಗೆ ಅವಳ ಮ್ಯಾನೇಜರ್ ಬದಲಾಗಿದ್ದರು. ರಜೆ ಅರ್ಜಿ ಹಳೆಯ ಮ್ಯಾನೇಜರ್ ಹೆಸರಿನಲ್ಲೇ ಒಪ್ಪಿಗೆಗೆ ಕಾಯುತ್ತಾ ನಿಂತಿತ್ತು. ತಿಂಗಳ ಹಾಜರಿ ಮುಚ್ಚಿದ ದಿನ ಒಪ್ಪಿಗೆ ಇಲ್ಲದ ರಜೆ ತಾನಾಗಿಯೇ ಎಲ್‌ಒಪಿ ಆಯಿತು. ಅವಳಿಗೆ ವಾಟ್ಸಾಪ್‌ನಲ್ಲಿ "ಓಕೆ" ಬಂದಿತ್ತು, ಆದರೆ ಸಿಸ್ಟಮ್ ವಾಟ್ಸಾಪ್ ಓದುವುದಿಲ್ಲ ಅಲ್ವಾ.

ಗಮನಿಸಿ, ಈ ಎರಡನ್ನೂ ಪೇರೋಲ್‌ನವರು ತಾವಾಗಿ ಸರಿಮಾಡಲು ಆಗುವುದಿಲ್ಲ. ದಿನಾಂಕ ಬದಲಿಸಬೇಕಾದವರು ಎಚ್‌ಆರ್, ರಜೆ ಒಪ್ಪಬೇಕಾದವರು ಮ್ಯಾನೇಜರ್. ಅದಕ್ಕೇ ಎರಡು ಟಿಕೆಟ್ ಬೇರೆಬೇರೆ ಹಾಕಿಸಿದೆ. ಒಂದೇ ಟಿಕೆಟ್‌ನಲ್ಲಿ ಎರಡೂ ಬರೆದರೆ ಸುಲಭವಾದದ್ದನ್ನು ಸರಿಮಾಡಿ ಟಿಕೆಟ್ ಮುಚ್ಚುತ್ತಾರೆ, ಇನ್ನೊಂದು ಹಾಗೇ ಸತ್ತುಹೋಗುತ್ತದೆ. ನಾನೂ ಕೆಲಸದ ಒತ್ತಡದಲ್ಲಿ ಹಾಗೆ ಮುಚ್ಚಿದ್ದೇನೆ, ಇವತ್ತಿಗೂ ಅದಕ್ಕೆ ಬೇಸರವಿದೆ.

ಅವಳು ಇಂಗ್ಲಿಷಿನಲ್ಲಿ ಕಳಿಸಿದ ಅರಿಯರ್ಸ್ ಪತ್ರ ಕನ್ನಡದಲ್ಲಿ ಹೀಗಿದೆ:

"ವಿಷಯ: ಏಪ್ರಿಲ್‌ನಿಂದ ಜೂನ್ 2025ರ ಅರಿಯರ್ಸ್ 36,000 ರೂ. ಬಂದಿಲ್ಲ. ನನ್ನ ಪ್ರಮೋಷನ್ ಪತ್ರದ ಪ್ರಕಾರ ಹೊಸ ಸಂಬಳ ಏಪ್ರಿಲ್ 1ರಿಂದ ಜಾರಿ. ಜುಲೈ ಪೇಸ್ಲಿಪ್‌ನಲ್ಲಿ ಹೊಸ ಸಂಬಳ ಇದೆ, ಅರಿಯರ್ಸ್ ಇಲ್ಲ. ಸಿಸ್ಟಮ್‌ನಲ್ಲಿ ಜಾರಿ ದಿನಾಂಕ ಜುಲೈ 1 ಎಂದಿದೆ ಅಂತ ತಿಳಿಸಿದ್ದೀರಿ. ಎಚ್‌ಆರ್ ತಂಡ ದಯವಿಟ್ಟು ಇದನ್ನು ಏಪ್ರಿಲ್ 1ಕ್ಕೆ ತಿದ್ದಬೇಕು. ಬರಬೇಕಾದದ್ದು: ಬೇಸಿಕ್ 18,000, ಎಚ್‌ಆರ್‌ಎ 7,200, ಸ್ಪೆಷಲ್ 10,800. ಆಗಸ್ಟ್ ಸಂಬಳದಲ್ಲಿ ಸೇರುತ್ತದೆಯೇ ಎಂದು ತಿಳಿಸಿ. ಪ್ರಮೋಷನ್ ಪತ್ರ ಮತ್ತು ಎರಡು ಪೇಸ್ಲಿಪ್ ಲಗತ್ತಿಸಿದ್ದೇನೆ."

ಎಲ್‌ಒಪಿ ಪತ್ರ ಇನ್ನೂ ಚಿಕ್ಕದು. ಎರಡು ದಿನಾಂಕ, 3,871 ರೂಪಾಯಿ, ಹೊಸ ಮ್ಯಾನೇಜರ್ ಒಪ್ಪಿದ ಸ್ಕ್ರೀನ್‌ಶಾಟ್, ಅಷ್ಟೇ. ಎರಡನ್ನೂ ಆಗಸ್ಟ್ 8ಕ್ಕೆ ಕಳಿಸಿದಳು. ಅವಳ ಕಂಪನಿಯಲ್ಲಿ 20ನೇ ತಾರೀಕಿಗೆ ಪೇರೋಲ್ ಇನ್‌ಪುಟ್ ಮುಚ್ಚುತ್ತದೆ. ಸಂಬಳದ ದಿನ ನೋಡಿ ಗಾಬರಿಯಾಗಿ ಬರೆದ ಪತ್ರ ಹೇಗೂ ಮುಂದಿನ ತಿಂಗಳಿಗೇ ಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಮೋಷನ್ ಪತ್ರದಲ್ಲೇ ಜುಲೈ 1ರಿಂದ ಜಾರಿ ಅಂತಿದ್ದರೆ ಪೇರೋಲ್‌ಗೆ ಎಷ್ಟು ಬರೆದರೂ ಪ್ರಯೋಜನವಿಲ್ಲ. ಹೊಸ ಕೆಲಸ ಏಪ್ರಿಲ್‌ನಿಂದಲೇ ಮಾಡಿದ್ದರೂ ಅಷ್ಟೇ. ಅದನ್ನು ಮ್ಯಾನೇಜರ್ ಹತ್ತಿರ, ಎಚ್‌ಆರ್ ಹತ್ತಿರ ಮಾತಾಡಿ, ಪತ್ರವನ್ನೇ ತಿದ್ದಿಸಬೇಕು.

ಆಗಸ್ಟ್ ಕೊನೆಗೆ ಅವಳ ಫೋನ್. "ಅಕ್ಕಾ, 39,871 ಜಾಸ್ತಿ ಬರಬೇಕಿತ್ತು, 37,479 ಮಾತ್ರ ಬಂದಿದೆ. ಪಿಎಫ್ ಅಂತ 5,992 ಕಟ್ ಮಾಡಿದ್ದಾರೆ! ಇನ್ನೊಂದು ಟಿಕೆಟ್ ಹಾಕ್ತೀನಿ."

ಹಾಕಬೇಡ ಅಂದೆ. ಅವಳ ಕಂಪನಿ ಪೂರ್ತಿ ಬೇಸಿಕ್ ಮೇಲೆ ನೂರಕ್ಕೆ 12 ಪಿಎಫ್ ಹಿಡಿಯುತ್ತದೆ. ಆಗಸ್ಟ್ ಬೇಸಿಕ್ 30,000ಕ್ಕೆ 3,600. ಅರಿಯರ್ಸ್‌ನ ಬೇಸಿಕ್ 18,000ಕ್ಕೆ 2,160. ಎಲ್‌ಒಪಿ ವಾಪಸ್ ಬಂದಾಗ ಅದರ ಬೇಸಿಕ್ ಪಾಲಿಗೆ 232. ಕೂಡಿಸಿದರೆ ಸರಿಯಾಗಿ 5,992. ನಿಮ್ಮ ಪೇಸ್ಲಿಪ್‌ನಲ್ಲಿ ಪಿಎಫ್ ಪ್ರತಿ ತಿಂಗಳೂ 1,800 ಅಂತ ನಿಂತಿದ್ದರೆ ಅದು 15,000ದ ಮಿತಿಯ ಮೇಲೆ ಹಿಡಿದದ್ದು, ಅಲ್ಲಿ ಹೀಗೆ ಏರುವುದಿಲ್ಲ.

ಅವಳ ಹಾಗೆ ಪೂರ್ತಿ ಬೇಸಿಕ್ ಮೇಲೆ ಪಿಎಫ್ ಇರುವವರು ಹೆದರಬೇಕಾದದ್ದು ಪಿಎಫ್ ಕಟ್ ಆಗದಿದ್ದಾಗ. 36,000ವನ್ನು ಮೂರು ಸಾಲಾಗಿ ತೋರಿಸದೆ "ಇತರೆ" ಅಂತ ಒಂದೇ ಸಾಲಿನಲ್ಲಿ ಕೊಟ್ಟಿದ್ದರೆ ಕೈಗೆ ಜಾಸ್ತಿ ಬಂದಂತೆ ಕಾಣುತ್ತಿತ್ತು, ಆದರೆ ಕಂಪನಿ ತನ್ನ ಪಾಲಿನಿಂದ ಹಾಕಬೇಕಾದ 2,160 ಹೋಗಿರುತ್ತಿತ್ತು. ಹಾಗಾಗಿದ್ದರೆ ಮೂರನೇ ಟಿಕೆಟ್ ನಾನೇ ಹಾಕಿಸುತ್ತಿದ್ದೆ. ಅವಳ ಪೇಸ್ಲಿಪ್‌ನಲ್ಲಿ ಮೂರೂ ಸಾಲು ಸರಿಯಾಗಿದ್ದವು.