ಎದುರು ಗಾಳಿಗಿಂತ ಬೆನ್ನ ಗಾಳಿಯೇ ಕಷ್ಟ

“ಗಾಳಿ ಎದುರಿಂದ ಬರಾಕತ್ತಿದ್ರ ಹಾಯಿದೋಣಿ ಮುಂದ ಹೆಂಗ ಹೋಗ್ತೈತ್ರೀ? ಹಿಂದಿಂದ ಬಂದ್ರ ಬಿಡ್ರಿ, ಹಗುರ. ಸುಮ್ನ ಕುಂತ್ರ ಸಾಕು.”

ಹೋಗುವುದಿಲ್ಲ. ನೇರ ಎದುರು ಗಾಳಿಗೆ ಯಾವ ಹಾಯಿದೋಣಿಯೂ ನೇರ ಹೋಗುವುದಿಲ್ಲ. ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯ ಒಳಗೆ ಮೂತಿ ಇಟ್ಟರೆ ಹಾಯಿ ಪಟಪಟ ಬಡಿಯುತ್ತದೆ, ದೋಣಿ ನಿಲ್ಲುತ್ತದೆ. ಆ ಪಟ್ಟಿಯ ಹೊರಗೆ ಓರೆಯಾಗಿ ಹೋಗಬಹುದು, ಅಷ್ಟೆ. ಇದರಲ್ಲಿ ಮಾಯೆ ಏನೂ ಇಲ್ಲ. ಹಾಯಿಯ ಮೇಲೆ ಬೀಳುವ ಬಲದಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಸ್ವಲ್ಪ ಪಾಲು ಮುಂದಕ್ಕೆ. ನೀರೊಳಗೆ ಇಳಿಬಿಟ್ಟ ಡ್ಯಾಗರ್‌ಬೋರ್ಡ್ ಎಂಬ ಹಲಗೆ ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ನಿಂತ ಬಂಡಿಯನ್ನು ಮೂಲೆಯಿಂದ ಓರೆಯಾಗಿ ನೂಕಿ ನೋಡಿ. ಗಾಲಿ ಅಡ್ಡ ಜಾರುವುದಿಲ್ಲ, ಆದ್ದರಿಂದ ಬಂಡಿ ತನ್ನ ಮೂತಿಯ ಕಡೆಗೇ ಉರುಳುತ್ತದೆ. ಹಲಗೆಯನ್ನು ಮೇಲಕ್ಕೆ ಎಳೆದುಬಿಟ್ಟರೆ ಅದೇ ದೋಣಿ ಏಡಿಯ ಹಾಗೆ ಅಡ್ಡಡ್ಡ ದಡಕ್ಕೆ ಹೋಗಿ ಬೀಳುತ್ತದೆ.

ಮುಂದಿನದು ಕೈಯಿಂದ ಮಾಡುವ ಕೆಲಸ. ಇಲ್ಲಿ ಹೇಳುವುದೆಲ್ಲ ಒಬ್ಬರೇ ಕೂರುವ, ಒಂದೇ ಹಾಯಿಯ ಲೇಸರ್ ಎಂಬ ಸಣ್ಣ ದೋಣಿಯ ಲೆಕ್ಕದಲ್ಲಿ. ಅದರ ಉದ್ದ 4.2 ಮೀಟರ್, ದೊಡ್ಡ ಹಾಯಿ 7 ಚದರ ಮೀಟರ್. ಹೊಸಬರಿಗೆ 4.7 ಚದರ ಮೀಟರಿನ ಸಣ್ಣ ಹಾಯಿ ಸಾಕು. ಹಾಯಿಯ ಕೆಳ ಅಂಚಿನಲ್ಲಿ ಅಡ್ಡಲಾಗಿರುವ ಕೊಳವೆ ಬೂಮ್. ಅದನ್ನು ಒಳಗೆ ಎಳೆಯುವ, ಹೊರಗೆ ಬಿಡುವ ಹಗ್ಗ ಮೇನ್‌ಶೀಟ್. ಚುಕ್ಕಾಣಿಯ ಹಿಡಿ ಟಿಲ್ಲರ್. ಕೂರುವುದು ಯಾವಾಗಲೂ ಗಾಳಿ ಬರುವ ಬದಿಯ ಅಂಚಿನ ಮೇಲೆ.

ಗಾಳಿಗೆ ದೋಣಿಯ ಕೋನ ಬದಲಾದ ಹಾಗೆ ಹಾಯಿಯೂ ಹಲಗೆಯೂ ಬದಲಾಗಬೇಕು. 45 ಡಿಗ್ರಿಯ ಹತ್ತಿರ, ಅಂದರೆ ಕ್ಲೋಸ್ ಹಾಲ್ಡ್‌ನಲ್ಲಿ, ಹಗ್ಗವನ್ನು ಬಿಗಿಯಾಗಿ ಎಳೆದು ಬೂಮ್‌ನ ತುದಿ ದೋಣಿಯ ಹಿಂಬದಿಯ ಮೂಲೆಯ ಮೇಲೆ ಇರಬೇಕು, ಹಲಗೆ ಪೂರ್ತಿ ಕೆಳಗೆ. ಗಾಳಿ ಸರಿಯಾಗಿ ಪಕ್ಕಕ್ಕೆ ಬಂದರೆ ಬೀಮ್ ರೀಚ್: ಹಾಯಿ ಅರ್ಧ ಹೊರಗೆ, ಹಲಗೆ ಅರ್ಧ ಮೇಲೆ. ಕಲಿಯುವವರು ಮೊದಲ ದಿನ ಈ ಒಂದರಲ್ಲೇ ಹೋಗಿ ಬಂದರೆ ಒಳ್ಳೆಯದು. ಗಾಳಿ ಹಿಂದಿನ ಮೂಲೆಯಿಂದ ಬಂದರೆ ಬ್ರಾಡ್ ರೀಚ್, ನೇರ ಬೆನ್ನಿಗೆ ಬಂದರೆ ರನ್. ರನ್‌ನಲ್ಲಿ ಬೂಮ್ ದೋಣಿಗೆ ಅಡ್ಡಲಾಗಿ ಪೂರ್ತಿ ಹೊರಗಿರುತ್ತದೆ. ಹಾಯಿ ಎಷ್ಟು ಬಿಡಬೇಕು ಎಂದು ಯಾರನ್ನೂ ಕೇಳಬೇಕಿಲ್ಲ. ರನ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ, ಹಾಯಿ ಕಟ್ಟಿದ ಕಂಬದ, ಅಂದರೆ ಮಾಸ್ಟ್‌ನ, ಹತ್ತಿರದ ಅಂಚು ನಡುಗುವ ತನಕ ಹಗ್ಗ ಬಿಡಿ, ನಡುಕ ನಿಲ್ಲುವಷ್ಟೇ ಎಳೆಯಿರಿ. ಹೆಚ್ಚು ಎಳೆದರೆ ದೋಣಿ ವಾಲುತ್ತದೆ, ಓಡುವುದಿಲ್ಲ. ಹೊಸಬರು ಮಾಡುವುದು ಇದನ್ನೇ.

ನಮ್ಮದೇ ನೀರಿನ ಉದಾಹರಣೆ ತೆಗೆದುಕೊಳ್ಳಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ, ಅಣೆಕಟ್ಟು ಇರುವುದು ಪೂರ್ವಕ್ಕೆ. ಅಂದರೆ ಬಾಗಲಕೋಟೆ ಕಡೆಯಿಂದ ಹೊರಟವನು ಸುಮ್ಮನೆ ಕುಳಿತರೂ ಗಾಳಿ ಅವನನ್ನು ಅಣೆಕಟ್ಟಿನ ಕಡೆಗೇ ಒಯ್ಯುತ್ತದೆ. ಹೊರಡುವುದು ಸಲೀಸು, ವಾಪಸು ಬರುವುದು ಎದುರು ಗಾಳಿಗೆ. ಆದ್ದರಿಂದ ಅನುಮತಿ ಕೇಳಿ, ಲೈಫ್ ಜಾಕೆಟ್ ಕಟ್ಟಿಕೊಂಡು ಇಳಿದ ಮೇಲೂ ಮೊದಲು ಗಾಳಿಗೆ ಎದುರಾಗಿ ಹೋಗಿ, ಆಮೇಲೆ ತಿರುಗಿ ಬನ್ನಿ. ನೀರು ಕಡಿಮೆ ಇರುವಾಗ ಮುಳುಗಿದ ಗೋಡೆ, ಮರದ ಬೊಡ್ಡೆ ಮೇಲಕ್ಕೆ ಹತ್ತಿರವಿರುತ್ತವೆ. ಪೂರ್ತಿ ಇಳಿದ ಹಲಗೆ ಮುಕ್ಕಾಲು ಮೀಟರಿಗೂ ಹೆಚ್ಚು ಆಳಕ್ಕೆ ಹೋಗುತ್ತದೆ, ತಾಗಿದರೆ ದೋಣಿ ಗಕ್ಕನೆ ನಿಲ್ಲುತ್ತದೆ.

ಈಗ ನೀವು ದಡದಿಂದ 1 ಕಿಲೋಮೀಟರ್ ಪೂರ್ವಕ್ಕೆ ಇದ್ದೀರಿ, ದಡ ನೇರ ಪಶ್ಚಿಮಕ್ಕೆ, ಗಾಳಿಯೂ ಅಲ್ಲಿಂದಲೇ. ವಾಯುವ್ಯಕ್ಕೆ ಮೂತಿ ಮಾಡಿ ಹೊರಡಿ, ಗಾಳಿ ಎಡಗಡೆಯಿಂದ ಬರುತ್ತದೆ. ಸುಮಾರು 700 ಮೀಟರ್ ಹೋದಾಗ ದಡದಲ್ಲಿ ನೀವು ಸೇರಬೇಕಾದ ಜಾಗ ಸರಿಯಾಗಿ ನಿಮ್ಮ ಎಡಭುಜದ ನೇರಕ್ಕೆ ಬಂದಿರುತ್ತದೆ. ತಿರುಗಬೇಕಾದ್ದು ಆಗ. ನೈಋತ್ಯಕ್ಕೆ ಇನ್ನೊಂದು 700 ಮೀಟರ್ ಹೋದರೆ ದಡ. ನೇರ 1 ಕಿಲೋಮೀಟರ್ ಇದ್ದದ್ದು ಸುಮಾರು 1.4 ಕಿಲೋಮೀಟರ್ ಆಯಿತು. ಎರಡು ದೊಡ್ಡ ಓರೆಯ ಬದಲು ಎಂಟು ಸಣ್ಣ ಓರೆ ಹಾಕಿದರೂ ದೂರ ಅಷ್ಟೇ, ಆದರೆ ತಿರುಗಿದಾಗೆಲ್ಲ ವೇಗ ಸೋರಿಹೋಗುತ್ತದೆ. ತಿರುಗಬೇಕಾದ ಜಾಗವನ್ನು ದಾಟಿ ಹೋಗುವುದಕ್ಕಿಂತ ಸ್ವಲ್ಪ ಮೊದಲೇ ತಿರುಗುವುದು ಮೇಲು. ಗಾಳಿ ದಿಕ್ಕು ಬದಲಿಸಿದರೆ ದಾಟಿ ಹೋದ ದೂರವೆಲ್ಲ ದಂಡ.

ಮೂತಿಯನ್ನು ಗಾಳಿಯ ಮೂಲಕ ದಾಟಿಸುವ ಈ ತಿರುವೇ ಟ್ಯಾಕ್. ದೋಣಿಗೆ ವೇಗ ಇರಲಿ, ಹೋಗಬೇಕಾದ ಕಡೆ ಬೇರೆ ದೋಣಿ ಇಲ್ಲವೆಂದು ನೋಡಿ. ಟಿಲ್ಲರನ್ನು ನಿಮ್ಮಿಂದ ದೂರಕ್ಕೆ ನಿಧಾನವಾಗಿ ತಳ್ಳುತ್ತ ಹೋಗಿ. ಮೂತಿ ಗಾಳಿಗೆ ಬಂದು ಹಾಯಿ ಬಡಿಯತೊಡಗಿದಾಗ ಹಗ್ಗವನ್ನು ಒಂದು ಗೇಣು ಸಡಿಲಿಸಿ, ತಲೆ ತಗ್ಗಿಸಿ, ಮುಂದಕ್ಕೆ ಮುಖ ಮಾಡಿಯೇ ಆಚೆ ಬದಿಗೆ ದಾಟಿ. ಟಿಲ್ಲರ್ ಹಿಡಿದ ಕೈ ಈಗ ಬೆನ್ನ ಹಿಂದೆ ಇರುತ್ತದೆ, ಇರಲಿ ಬಿಡಿ. ಕೂತು, ಟಿಲ್ಲರ್ ನಡುವಿಗೆ ತಂದು, ದೋಣಿ ಓಡತೊಡಗಿದ ಮೇಲೆ ಕೈ ಬದಲಿಸಿ. ತಿರುವಿನ ನಡುವೆ ಕೈ ಬದಲಿಸಲು ಹೋದವರೇ ಟಿಲ್ಲರ್ ಕೈಬಿಡುವುದು.

ಇದರಲ್ಲಿ ಕೆಡುವುದು ಮುಖ್ಯವಾಗಿ ಒಂದೇ. ವೇಗವಿಲ್ಲದೆ ತಿರುಗಿದರೆ, ಇಲ್ಲವೇ ಟಿಲ್ಲರನ್ನು ಒಮ್ಮೆಲೇ ನೂಕಿ ಚುಕ್ಕಾಣಿಯನ್ನೇ ಬ್ರೇಕ್ ಮಾಡಿಕೊಂಡರೆ, ದೋಣಿ ಗಾಳಿಗೆ ಮೂತಿಕೊಟ್ಟು ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಹೋಗುವಾಗ ಚುಕ್ಕಾಣಿ ತಿರುವುಮುರುವು ಕೆಲಸ ಮಾಡುತ್ತದೆಂಬುದನ್ನು ಮರೆತವರು ಅಲ್ಲೇ ಒದ್ದಾಡುತ್ತಾರೆ. ಬಲಬದಿಗೆ ಕುಳಿತು ಬೂಮ್ ಮತ್ತು ಟಿಲ್ಲರ್ ಎರಡನ್ನೂ ಎಡಕ್ಕೆ ತಳ್ಳಿ ಹಿಡಿಯಿರಿ. ಮೂತಿ ಎಡಕ್ಕೆ ಸಾಕಷ್ಟು ಹೊರಳಿದ ಮೇಲೆ ಟಿಲ್ಲರ್ ನಡುವಿಗೆ, ಹಗ್ಗ ಒಳಕ್ಕೆ. ದೋಣಿ ಹೊರಡುತ್ತದೆ.

ನೋಡಿ, ಎದುರು ಗಾಳಿಯಲ್ಲಿ ತಪ್ಪಾದರೆ ಆಗುವುದು ಇಷ್ಟೇ: ದೋಣಿ ನಿಲ್ಲುತ್ತದೆ. ಎಲ್ಲರೂ ಅದನ್ನೇ ಕೇಳುತ್ತಾರೆ. “ಹಿಂದಿಂದ ಬಂದ್ರ ಹಗುರ” ಅನ್ನುವ ಮಾತು ಕೇಳಿದಾಗೆಲ್ಲ ನನಗೆ ರೇಗುತ್ತದೆ, ಯಾಕೆಂದರೆ ತಲೆಗೆ ಪೆಟ್ಟು ಬೀಳುವುದು, ದೋಣಿ ಮಗುಚುವುದು ಅಲ್ಲಿಯೇ. ಬೆನ್ನ ಗಾಳಿಯಲ್ಲಿ ಬೂಮನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸುವುದು ಹೇಗೆ ಎಂದು ಯಾರಾದರೂ ಕೇಳಲಿ ಅನ್ನಿಸುತ್ತದೆ. ಅದರ ಹೆಸರು ಜೈಬ್. ಟ್ಯಾಕ್‌ನಲ್ಲಿ ಹಾಯಿ ಬಲ ಕಳೆದುಕೊಂಡು ಬಡಿಯುತ್ತ ದಾಟುತ್ತದೆ. ಜೈಬ್‌ನಲ್ಲಿ ಹಾಯಿ ಒಂದು ಕ್ಷಣವೂ ಖಾಲಿ ಇರುವುದಿಲ್ಲ. ಹಿಂಬದಿಯ ಅಂಚಿಗೆ ಗಾಳಿ ಸಿಕ್ಕಿದ ಕೂಡಲೇ ಬೂಮ್ ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಸುತ್ತು ಬೀಸಿಕೊಂಡು ಬರುತ್ತದೆ.

ಮೇಲಾಗಿ ಬೆನ್ನ ಗಾಳಿ ಮೋಸಗಾರ. ಗಾಳಿ ಗಂಟೆಗೆ 20 ಕಿಲೋಮೀಟರ್, ದೋಣಿ ಅದೇ ದಿಕ್ಕಿಗೆ 8 ಎಂದರೆ ನಿಮಗೂ ಹಾಯಿಗೂ ತಾಗುವುದು 12 ಮಾತ್ರ. ಹಿತವಾಗಿರುತ್ತದೆ. ಹಾಯಿಯ ಮೇಲಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೋಣಿಯ ಮೂತಿ ಅಲೆಗೆ ಚುಚ್ಚಿ ನಿಂತಿತು ಅನ್ನಿ, ತಾಗುವ ಗಾಳಿ 12ರಿಂದ 20 ಆಗುತ್ತದೆ, ಬಲ ಎರಡೂಮುಕ್ಕಾಲು ಪಟ್ಟು. ಹೆದರಿ ದೋಣಿಯನ್ನು ನಿಧಾನ ಮಾಡಿ ಜೈಬ್ ಮಾಡುವವರು ಬೂಮನ್ನು ತಾವೇ ಭಾರ ಮಾಡಿಕೊಳ್ಳುತ್ತಾರೆ. ದೋಣಿ ಅತಿ ವೇಗವಾಗಿ ಓಡುತ್ತಿರುವಾಗ, ಅಲೆಯ ಇಳಿಜಾರಿನಲ್ಲಿ ಜಾರುತ್ತಿರುವಾಗ ಮಾಡಬೇಕು. ಆಗ ಹಗ್ಗ ಕೈಯಲ್ಲಿ ಸಡಿಲ ಅನ್ನಿಸುತ್ತದೆ, ಅದೇ ಗುರುತು.

ಮತ್ತೆ ದಡದಿಂದ ಪೂರ್ವಕ್ಕೆ ಹೊರಡೋಣ. ನೇರ ರನ್ ಬೇಡ, 30 ಡಿಗ್ರಿ ಬಲಕ್ಕೆ ಓರೆಯಾಗಿ ಹೋಗಿ. ನಡುವೆ ಒಂದು ಜೈಬ್ ಹಾಕಿ ಎಡಕ್ಕೆ 30 ಡಿಗ್ರಿ. ಕಿಲೋಮೀಟರಿಗೆ ಹೆಚ್ಚುವುದು 155 ಮೀಟರ್, ದೋಣಿ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲ ಓರೆಯಲ್ಲಿ ಗಾಳಿ ಬಲಹಿಂದಿನಿಂದ, ಬೂಮ್ ಎಡಕ್ಕೆ, ನೀವು ಬಲಕ್ಕೆ. ಹಲಗೆ ಅರ್ಧ ಮೇಲೆ ಇದೆಯೇ ನೋಡಿ. ಪೂರ್ತಿ ಕೆಳಗಿದ್ದರೆ ದೋಣಿ ಅದಕ್ಕೇ ಎಡವಿ ಮಗುಚುತ್ತದೆ, ತೀರಾ ಮೇಲಿದ್ದರೆ ಬೂಮ್ ಹಲಗೆಗೆ ಸಿಕ್ಕಿಬೀಳುತ್ತದೆ. ಟಿಲ್ಲರನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ. ಮೂತಿ ಎಡಕ್ಕೆ ಹೊರಳುತ್ತಿರುವಾಗ ಹಗ್ಗವನ್ನು ಎರಡು ಮಾರು ಒಳಗೆಳೆದುಕೊಳ್ಳಿ. ಈ ಎರಡು ಮಾರು ಬಿಟ್ಟರೆ ಜೋಲುವ ಹಗ್ಗ ದೋಣಿಯ ಹಿಂಬದಿಯ ಮೂಲೆಗೆ ಸುತ್ತಿಕೊಂಡು ಬೂಮನ್ನು ನಡುವೆಯೇ ಹಿಡಿದುಬಿಡುತ್ತದೆ. ಲೇಸರ್‌ನಲ್ಲಿ ಹೊಸಬರು ಮಗುಚುವುದಕ್ಕೆ ದೊಡ್ಡ ಕಾರಣ ಇದು. ಹಾಯಿಯ ಹಿಂಬದಿಯ ಅಂಚು ಮಡಚಿ ಹೊಯ್ದಾಡಿದಾಗ ಹಗ್ಗವನ್ನು ಒಮ್ಮೆ ಜಗ್ಗಿ, ತಲೆ ತಗ್ಗಿಸಿ, ದಾಟಿ. ಬೂಮ್ ನಡುಗೆರೆ ದಾಟುವ ಹೊತ್ತಿಗೇ ಟಿಲ್ಲರ್ ನಡುವಿಗೆ ಬಂದಿರಬೇಕು. ಓರೆಯಾಗಿಯೇ ಬಿಟ್ಟರೆ ದೋಣಿ ಸುತ್ತುತ್ತಲೇ ಹೋಗಿ, ಪಕ್ಕದ ಗಾಳಿಗೆ ಎದುರಾಗಿ, ಹೊಸ ಬದಿಗೆ ಉರುಳುತ್ತದೆ. “ಜೈಬ್ ಸರಿಯಾಗೇ ಆಯ್ತು, ಆಮೇಲೆ ಯಾಕೋ ಬಿದ್ದೆ” ಎನ್ನುವವರಿಗೆ ಆಗಿರುವುದು ಸಾಮಾನ್ಯವಾಗಿ ಇದೇ.

ಬೇಡದೆ ಆಗುವ ಜೈಬ್ ಇನ್ನೂ ಕೆಟ್ಟದ್ದು. ಅದಕ್ಕೆ ಮುನ್ಸೂಚನೆ ಇರುತ್ತದೆ: ಹಿಂಗತ್ತಿಗೆ ತಾಗುತ್ತಿದ್ದ ಗಾಳಿ ಬೂಮ್ ಇರುವ ಬದಿಯ ಕಿವಿಗೆ ತಾಗತೊಡಗುತ್ತದೆ, ಬೂಮ್ ತುಸು ಮೇಲೆದ್ದು ಅಲುಗುತ್ತದೆ. ಕೂಡಲೇ ಟಿಲ್ಲರನ್ನು ಬೂಮ್ ಇರುವ ಕಡೆಗೆ ತಳ್ಳಿ, ತಲೆ ಕೆಳಗೇ ಇರಲಿ.

ಅಲೆಗಳ ತಲೆಯಲ್ಲಿ ಎಲ್ಲೆಡೆ ಬಿಳಿನೊರೆ ಕಂಡರೆ ಹೊಸಬರು ಜೈಬ್ ಮಾಡಲೇಬಾರದು. ಅದಕ್ಕೆ ಬೇರೆ ದಾರಿ ಇದೆ. ಎಡಕ್ಕೆ 60 ಡಿಗ್ರಿ ಹೊರಳುವ ಬದಲು, ಹಲಗೆ ಇಳಿಸಿ, ಹಗ್ಗ ಎಳೆದುಕೊಳ್ಳುತ್ತ ಬಲಕ್ಕೆ ಗಾಳಿಯ ಕಡೆ ಏರಿ, ಒಂದು ಟ್ಯಾಕ್ ಹಾಕಿ, ಮತ್ತೆ ಹಗ್ಗ ಬಿಡುತ್ತ ಬೇಕಾದ ದಿಕ್ಕಿಗೆ ಇಳಿಯಿರಿ. ಒಟ್ಟು 300 ಡಿಗ್ರಿಯ ಸುತ್ತು, ಹತ್ತಾರು ಮೀಟರ್ ಜಾಗ ಬೇಕು. ಬಲಗಡೆ ದಡವಾಗಲಿ ಬಲೆ ಕಟ್ಟಿದ ಕಂಬಗಳಾಗಲಿ ಇಲ್ಲವೆಂದು ಏರುವ ಮೊದಲೇ ನೋಡಿಕೊಳ್ಳಿ.