‘ಫಾರ್ಮ್ಯಾಟ್ ಸರಿ ಮಾಡಿ’ ಅಂದವರಿಗೆ ನನ್ನ ಉತ್ತರ

“ಸರ್, ಈ ಫೈಲಿನ ಫಾರ್ಮ್ಯಾಟ್ ಎಲ್ಲಾ ಕೆಟ್ಟುಹೋಗಿದೆ. ಸ್ವಲ್ಪ ಸರಿ ಮಾಡಿ ಕೊಡ್ತೀರಾ?”

ಮಾಡಿಕೊಡುತ್ತೇನೆ. ಆದರೆ ಮೊದಲು ಒಂದು ಫೋಟೋ ಕಳಿಸಿ. ನಿಮ್ಮ ಸ್ಕ್ರೀನಿನಲ್ಲಿ ಕೆಟ್ಟಂತೆ ಕಾಣುವ ಪುಟದ ಸ್ಕ್ರೀನ್‌ಶಾಟ್ ಸಾಕು.

ಯಾವ ಸಾಫ್ಟ್‌ವೇರ್ ಅಂತ ನಾನು ಮೊದಲೇ ಕೇಳುವುದಿಲ್ಲ. ಕೇಳಿದರೆ ಜಾಸ್ತಿ ಜನ ‘ವರ್ಡ್’ ಅಂತಾರೆ. ಫೈಲಿನ ಹೆಸರು `.docx` ಅಂತ ಮುಗಿಯುತ್ತದೆ ಅನ್ನೋದು ಬಿಟ್ಟರೆ ಅದಕ್ಕೆ ಬೇರೆ ಆಧಾರ ಇರುವುದಿಲ್ಲ. ಗೂಗಲ್ ಡಾಕ್ಸ್‌ನಿಂದ ಇಳಿಸಿಕೊಂಡರೂ `.docx` ಬರುತ್ತದೆ, ಲಿಬ್ರೆಆಫೀಸ್‌ನಲ್ಲೂ ಹಾಗೆ ಉಳಿಸಬಹುದು. ಸ್ಕ್ರೀನ್‌ಶಾಟಿನಲ್ಲಿ ಮೇಲಿನ ಮೆನು ಕಂಡರೆ ಉತ್ತರ ತಾನಾಗಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ‘ಕೆಟ್ಟಿದೆ’ ಅಂದದ್ದು ಯಾವುದನ್ನು ಅಂತ ಗೊತ್ತಾಗುತ್ತದೆ. ನಿಮ್ಮಲ್ಲಿ ಕೆಟ್ಟು ಕಾಣುವ ಪುಟ ನನ್ನಲ್ಲಿ ಚೆನ್ನಾಗಿಯೇ ಕಾಣಬಹುದು. ಫೈಲಿನಲ್ಲಿ ಬಳಸಿದ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ಸುಮ್ನೆ ಬೇರೊಂದನ್ನು ಹಾಕಿಕೊಳ್ಳುತ್ತದೆ. ಅದರ ಅಕ್ಷರ ಒಂದಿಷ್ಟು ಅಗಲ ಇದ್ದರೂ ಸಾಲುಗಳು ಬೇರೆ ಕಡೆ ಮುರಿಯುತ್ತವೆ, ಮೂವತ್ತು ಪುಟದ ಫೈಲು ಮೂವತ್ತೆರಡಾಗುತ್ತದೆ.

ಪದೇ ಪದೇ ಬರುವ ತರಹದ ಒಂದು ಫೈಲನ್ನು ತೆಗೆದುಕೊಳ್ಳೋಣ. ಒಂದು ಸಂಸ್ಥೆಯ ವರದಿ. ದೂರು ಎರಡು: ಅಧ್ಯಾಯದ ಶೀರ್ಷಿಕೆಗಳು ಪುಟದ ತಳಕ್ಕೆ ಬಂದು ಕೂತಿವೆ, ಪರಿವಿಡಿಯ ಪುಟಸಂಖ್ಯೆ ಹೊಂದುತ್ತಿಲ್ಲ. ಯಾವ ಅಳತೆಯ ಕಾಗದ, ಮುದ್ರಣಕ್ಕೋ ಮೇಲ್‌ಗೋ, ಏನೂ ಹೇಳಿಲ್ಲ.

ಮೊದಲು ಫೈಲಿನ ನಕಲು ಮಾಡಿ, ಮೂಲವನ್ನು ಪಕ್ಕಕ್ಕಿಡುತ್ತೇನೆ. ನಕಲನ್ನು ತೆರೆದು ಕಾಣದ ಗುರುತುಗಳನ್ನು ಕಾಣಿಸುವಂತೆ ಮಾಡುತ್ತೇನೆ. ವರ್ಡ್‌ನಲ್ಲಿ `Ctrl+Shift+8`, ಲಿಬ್ರೆಆಫೀಸ್ ರೈಟರ್‌ನಲ್ಲಿ `Ctrl+F10`. ಎಂಟರ್ ಒತ್ತಿದ ಕಡೆಯೆಲ್ಲ ¶ ಗುರುತು, ಸ್ಪೇಸ್ ಹಾಕಿದ ಕಡೆ ಚುಕ್ಕಿ, ಟ್ಯಾಬ್ ಇದ್ದಲ್ಲಿ ಬಾಣ ಕಾಣುತ್ತದೆ. ಫೈಲಿನ ಕಥೆಯೆಲ್ಲ ಇಲ್ಲೇ ಹೊರಬರುತ್ತದೆ. ಈ ವರದಿಯಲ್ಲಿ ಪ್ರತಿ ಅಧ್ಯಾಯದ ಮುಂಚೆ ¶ ಗುರುತುಗಳ ಉದ್ದನೆಯ ಸಾಲು. ಹೊಸ ಪುಟಕ್ಕೆ ಹೋಗಲು ಎಂಟರ್ ಒತ್ತುತ್ತಾ ಹೋಗಿದ್ದಾರೆ. ಶೀರ್ಷಿಕೆ ಅಂದರೆ ಬರೀ ದಪ್ಪ ಅಕ್ಷರ. ಪರಿವಿಡಿಯಲ್ಲಿ ಚುಕ್ಕಿಗಳನ್ನೂ ಪುಟಸಂಖ್ಯೆಯನ್ನೂ ಕೈಯಲ್ಲೇ ಟೈಪ್ ಮಾಡಿದ್ದಾರೆ. ವೆಚ್ಚದ ಪಟ್ಟಿಯನ್ನು ಸ್ಪೇಸ್ ಒತ್ತಿ ಒತ್ತಿ ನೇರ ಮಾಡಿದ್ದಾರೆ.

ಇದು ಬರೆದವರ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಂಡಿರುತ್ತದೆ. ಅದೇ ಫಾಂಟ್, ಅದೇ ಕಾಗದ ಇರುವ ತನಕ. ಬೇರೆ ಕಡೆ ತೆರೆದು ಎರಡು ಸಾಲು ಕೆಳಕ್ಕೆ ಸರಿದರೆ ಸಾಕು, ಎಂಟರ್‌ಗಳ ಲೆಕ್ಕ ತಪ್ಪುತ್ತದೆ. ಇಂಥ ಫೈಲಿನಲ್ಲಿ ನಾಲ್ಕು ಎಂಟರ್ ಅಳಿಸಿ, ಎರಡು ಸೇರಿಸಿ ‘ಸರಿ ಮಾಡಿದೆ’ ಅಂತ ವಾಪಸ್ ಕಳಿಸುವುದು ಸುಲಭ. ಅವರು ತೆರೆದಾಗ ಮತ್ತೆ ಹಾಳಾಗಿರುತ್ತದೆ.

ಆದ್ದರಿಂದ ಕೆಲಸ ಎರಡು ಪಾಲಾಗುತ್ತದೆ. ಒಂದು ಪಾಲಿಗೆ ನಿಮ್ಮ ಉತ್ತರ ಬೇಕಿಲ್ಲ, ಇನ್ನೊಂದಕ್ಕೆ ಬೇಕೇ ಬೇಕು. ಫೋಟೋ ಬರುವಷ್ಟರಲ್ಲಿ ನಾನು ಮೊದಲ ಪಾಲು ಶುರು ಮಾಡಿರುತ್ತೇನೆ.

ಅಧ್ಯಾಯದ ಶೀರ್ಷಿಕೆಗಳಿಗೆಲ್ಲ `Heading 1`, ಒಳಶೀರ್ಷಿಕೆಗಳಿಗೆ `Heading 2` ಶೈಲಿ ಹಾಕುತ್ತೇನೆ. ವರ್ಡ್‌ನಲ್ಲಿ ಈ ಶೈಲಿಗಳ ಜೊತೆಗೇ `Keep with next` ಬರುತ್ತದೆ. ಅಂದರೆ ಶೀರ್ಷಿಕೆ ತನ್ನ ಕೆಳಗಿನ ಪ್ಯಾರಾ ಬಿಟ್ಟು ಪುಟದ ತಳದಲ್ಲಿ ಒಂಟಿಯಾಗಿ ಉಳಿಯುವುದಿಲ್ಲ. ಮೊದಲ ದೂರು ಅಲ್ಲಿಗೆ ಮುಗಿಯಿತು. `Heading 1` ಶೈಲಿಗೇ `Page break before` ಅಂತ ಹೇಳಿಬಿಟ್ಟರೆ ಪ್ರತಿ ಅಧ್ಯಾಯವೂ ಹೊಸ ಪುಟದಲ್ಲಿ ಶುರುವಾಗುತ್ತದೆ. ಕೈಯಲ್ಲಿ ಟೈಪ್ ಮಾಡಿದ ಪರಿವಿಡಿ ತೆಗೆದು, ಶೀರ್ಷಿಕೆಗಳಿಂದ ತಾನಾಗಿ ಆಗುವ ಪರಿವಿಡಿ ಇಡುತ್ತೇನೆ. ಸ್ಪೇಸ್ ಒತ್ತಿ ಮಾಡಿದ ವೆಚ್ಚದ ಪಟ್ಟಿ ನಿಜವಾದ ಟೇಬಲ್ ಆಗುತ್ತದೆ.

ಇಷ್ಟಾದ ಮೇಲೆಯೇ ಖಾಲಿ ಸಾಲುಗಳನ್ನು ತೆಗೆಯುವುದು. ಈ ಕ್ರಮ ತಪ್ಪಬಾರದು. ಖಾಲಿ ಸಾಲು, ಜಾಸ್ತಿ ಸ್ಪೇಸ್ ಯಾಕೆ ಹಾಕಿದ್ದರು ಅಂತ ನೋಡಿ, ಆ ಕೆಲಸವನ್ನು ಸರಿಯಾದ ದಾರಿಗೆ ಹಚ್ಚಿ, ಆಮೇಲೆ ಅಳಿಸಬೇಕು. ಮೊದಲೇ ಅಳಿಸಿದರೆ ಎಲ್ಲಿ ಹೊಸ ಪುಟ ಬೇಕಿತ್ತು, ಯಾವ ಅಂಕಿ ಯಾವ ಕಾಲಮ್ಮಿನದು ಅನ್ನುವ ಸುಳಿವೇ ಹೋಗುತ್ತದೆ. ವರ್ಡ್‌ನಲ್ಲಿ ¶ ಗುರುತನ್ನು `^p` ಅಂತ ಬರೆದು ಹುಡುಕಿ ಬದಲಿಸಲು:

```
Find what:    ^p^p
Replace with: ^p
```

ಒಂದು ಸಲಕ್ಕೆ ಎಲ್ಲ ಹೋಗುವುದಿಲ್ಲ. ಹೊಸದಾಗಿ ಏನೂ ಬದಲಾಗದ ತನಕ `Replace All` ಒತ್ತುತ್ತಿರಬೇಕು. ಪ್ಯಾರಾಗಳ ನಡುವಿನ ಅಂತರವನ್ನು ಶೈಲಿಯಲ್ಲಿ ಕೊಡುತ್ತೇನೆ.

ಒಂದನ್ನು ಮಾತ್ರ ಮುಟ್ಟುವುದಿಲ್ಲ: ಕೈಯಲ್ಲಿ ಬರೆದ 1.1, 1.2 ಎಂಬ ಸಂಖ್ಯೆಗಳು. ಪಠ್ಯದ ಒಳಗೆ ಎಲ್ಲೋ ‘ಭಾಗ 3.2 ನೋಡಿ’ ಅಂತ ಇರುತ್ತದೆ, ಅದೂ ಕೈಯಲ್ಲೇ ಬರೆದದ್ದು. ಸ್ವಯಂಚಾಲಿತ ಸಂಖ್ಯೆ ಹಾಕಿದ ಮೇಲೆ ನಡುವೆ ಒಂದು ಭಾಗ ಸೇರಿದರೆ ಶೀರ್ಷಿಕೆಯ ಸಂಖ್ಯೆ ಮುಂದಕ್ಕೆ ಹೋಗುತ್ತದೆ, ಒಳಗಿನ ಉಲ್ಲೇಖ ಅಲ್ಲೇ ಉಳಿಯುತ್ತದೆ. ಬರಹ ಇನ್ನೂ ಬೆಳೆಯುತ್ತದೆಯೋ ಇಲ್ಲವೋ ಗೊತ್ತಾಗದೆ ಇದಕ್ಕೆ ಕೈಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮೊದಲ ಪಾಲು ಸರಿಯಾಯಿತೋ ಅಂತ ನೋಡಲು ಒಂದು ಪರೀಕ್ಷೆ ಇದೆ. ಕಾಗದದ ಅಳತೆಯನ್ನು ಸ್ವಲ್ಪ ಹೊತ್ತು A5ಗೆ, ಅಂದರೆ 148 × 210 ಮಿ.ಮೀ.ಗೆ, ಬದಲಿಸಿ. ಪುಟಗಳು ಜಾಸ್ತಿ ಆಗುತ್ತವೆ, ಅಗಲದ ಟೇಬಲ್ ಇಕ್ಕಟ್ಟಾಗುತ್ತದೆ, ಅದು ಸಹಜ. ಆದರೆ ಅಧ್ಯಾಯಗಳು ಹೊಸ ಪುಟದಲ್ಲೇ ಶುರುವಾಗಬೇಕು, ಅಧ್ಯಾಯದ ನಡುವೆ ಅರ್ಧ ಖಾಲಿ ಪುಟ ಬರಬಾರದು, ಪರಿವಿಡಿ ಅಪ್‌ಡೇಟ್ ಮಾಡಿದರೆ ಸಂಖ್ಯೆ ಹೊಂದಬೇಕು. ಎಲ್ಲಾದರೂ ಅಕಾರಣವಾಗಿ ದೊಡ್ಡ ಜಾಗ ಬಿಟ್ಟಿದ್ದರೆ ಅಲ್ಲಿ ಎಂಟರ್‌ಗಳೋ, ಕೈಯಲ್ಲಿ ಹಾಕಿದ ಪೇಜ್ ಬ್ರೇಕೋ ಉಳಿದಿದೆ ಅಂತ ಅರ್ಥ. ನೋಡಿದ ಮೇಲೆ ಕಾಗದ ಮೊದಲಿನ ಅಳತೆಗೆ ಬರುವ ತನಕ `Ctrl+Z`.

ಇನ್ನು ನಿಮ್ಮನ್ನು ಕೇಳಲೇಬೇಕಾದ ಪಾಲು. ಕಾಗದದ ಅಳತೆ ಫೈಲಿನಲ್ಲೇ ಇರುತ್ತದೆ, ಆದರೆ ಅದನ್ನು ಯಾರೂ ಆರಿಸಿರುವುದಿಲ್ಲ. ಪ್ರೋಗ್ರಾಂ ತಾನೇ ಹಾಕಿಕೊಂಡದ್ದು ಹಾಗೇ ಉಳಿದಿರುತ್ತದೆ. A4 ಅಂದರೆ 210 × 297 ಮಿ.ಮೀ., ಲೆಟರ್ ಅಂದರೆ ಸುಮಾರು 216 × 279. ಲೆಟರ್ ಅಳತೆಯ ಫೈಲನ್ನು A4 ಕಾಗದದಲ್ಲಿ ಮುದ್ರಿಸಿದರೆ ಪ್ರಿಂಟರ್ ಅದನ್ನು ಕುಗ್ಗಿಸಬಹುದು ಅಥವಾ ಅಂಚನ್ನು ಕತ್ತರಿಸಬಹುದು. ಆಮೇಲೆ ಬಳಕೆ. ಬೈಂಡ್ ಮಾಡಿಸುವುದಾದರೆ ಹೊಲಿಗೆಯ ಕಡೆ ಅಂಚು ಜಾಸ್ತಿ ಬೇಕು, ಎರಡೂ ಬದಿ ಮುದ್ರಿಸಿದರೆ ಆ ಅಂಚು ಎಡಪುಟ ಬಲಪುಟಕ್ಕೆ ಅದಲುಬದಲಾಗಬೇಕು. ಫೋನಿನಲ್ಲಿ ಓದುವವರಿಗಾದರೆ A4 ಪಿಡಿಎಫ್ ಹಿಂಸೆ, ಸಾಲು ಸಾಲಿಗೂ ಹಿಗ್ಗಿಸಿ ಓದಬೇಕು. ಇನ್ನೊಬ್ಬರು ತಿದ್ದುವುದಿದ್ದರೆ ಪಿಡಿಎಫ್ ಬೇಡವೇ ಬೇಡ. ಪಠ್ಯವನ್ನು ನಕಲಿಸಿ ಯಾವುದೋ ಆನ್‌ಲೈನ್ ಫಾರ್ಮಿನ ಪೆಟ್ಟಿಗೆಗೆ ಅಂಟಿಸುವುದಾದರೆ ಅಂಚು, ಫಾಂಟ್ ಎಲ್ಲಾ ವ್ಯರ್ಥ.

ಇವನ್ನೆಲ್ಲ ಉದ್ದ ಪ್ರಶ್ನಾವಳಿ ಮಾಡಿ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ನಾನು ಕಳಿಸುವುದು ಇಷ್ಟೇ: “ಇದು ಕೊನೆಗೆ ಯಾರ ಕೈಗೆ ಹೋಗುತ್ತದೆ, ಅವರು ಇದನ್ನು ಏನು ಮಾಡುತ್ತಾರೆ? ಅವರು ಪುಟ, ಫಾಂಟ್ ಬಗ್ಗೆ ನಿಯಮ ಕೊಟ್ಟಿದ್ದರೆ ಅದನ್ನೂ ಕಳಿಸಿ.” ‘ಪ್ರೆಸ್‌ಗೆ’, ‘ಕಮಿಟಿಗೆ, ಅವರು ತಿದ್ದುತ್ತಾರೆ’ ಅಂತ ಒಂದು ಸಾಲು ಬಂದರೂ ಮೇಲಿನದೆಲ್ಲ ಬಹುಪಾಲು ತೀರ್ಮಾನವಾಗುತ್ತದೆ.

ಉತ್ತರವೇ ಬರದೆ, ‘ಅರ್ಜೆಂಟ್ ಸರ್’ ಅಂತ ಮಾತ್ರ ಬಂದರೆ? ಆಗ ಕಾಗದದ ಅಳತೆ, ಫಾಂಟ್, ಅಂಚು ಫೈಲಿನಲ್ಲಿ ಇದ್ದಂತೆಯೇ ಬಿಟ್ಟು, ತಿದ್ದಬಹುದಾದ ಫೈಲನ್ನೂ ಅದರ ಪಿಡಿಎಫನ್ನೂ ಒಟ್ಟಿಗೆ ಕಳಿಸುತ್ತೇನೆ. ಪಿಡಿಎಫ್ ಯಾಕೆಂದರೆ ಫೈಲು ನನ್ನಲ್ಲಿ ಹೇಗೆ ಕಾಣುತ್ತಿದೆ ಅಂತ ಅವರಿಗೆ ತಿಳಿಯಲಿ ಅಂತ. ಜೊತೆಗೆ ಒಂದು ಟಿಪ್ಪಣಿ: “ಫೈಲಿನಲ್ಲಿದ್ದ A4 ಹಾಗೇ ಬಿಟ್ಟಿದ್ದೇನೆ, ಒಂದೇ ಬದಿ ಮುದ್ರಣ ಅಂದುಕೊಂಡಿದ್ದೇನೆ. ಶೀರ್ಷಿಕೆಗಳ ಸಂಖ್ಯೆ ಮುಟ್ಟಿಲ್ಲ. ಏನಾದರೂ ಸೇರಿಸಿದರೆ ಪರಿವಿಡಿಯ ಮೇಲೆ ಬಲ ಕ್ಲಿಕ್ ಮಾಡಿ `Update Field` ಒತ್ತಿ.”