ಲಾಂಚ್‌ಗೆ ಒಂದು ದಿನ: ಮೆಜೆಸ್ಟಿಕ್ಕೇ ಸಿಗದ ಬಸ್ ಆ್ಯಪ್

ಗುರುವಾರ, ಸಂಜೆ

ನಮ್ಮ ಆಫೀಸು ಬಸವೇಶ್ವರನಗರದ ಒಂದು ಮನೆಯ ಮಹಡಿ ಮೇಲಿದೆ. ನಾವಿರುವುದು ಐದೇ ಜನ, ಅದರಲ್ಲಿ ನಾನೇ ಹೊಸಬಳು. ನಿಲ್ದಾಣದ ಹೆಸರನ್ನು ಕನ್ನಡದಲ್ಲೇ ಬರೆದು ಬಸ್ ಹುಡುಕುವ ಆ್ಯಪ್ ನಾಳೆ ಬೆಳಿಗ್ಗೆ 10ಕ್ಕೆ ಹೊರಡಬೇಕು. ಹುಡುಕಾಟದ ಭಾಗ ಪೂರ್ತಿ ನಾನು ಬರೆದದ್ದು.

ಸಂಜೆ ಕೆಳಗಿನ ಮನೆ ಓನರ್ ಅಂಕಲ್‌ಗೆ ಫೋನ್ ಕೊಟ್ಟೆ. ಅವರು ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ‘ಮೆಜೆಸ್ಟಿಕ್’ ಅಂತ ಪೂರ್ತಿ ಬರೆದು, ಹುಡುಕು ಬಟನ್ ಒತ್ತಿದರು. ಏನೂ ಬರಲಿಲ್ಲ.

“ಏನಮ್ಮಾ, ಮೆಜೆಸ್ಟಿಕ್ಕೇ ಇಲ್ವಲ್ಲ ಇದ್ರಲ್ಲಿ?”

ಎದೆ ಧಸಕ್ಕೆಂದಿತು. ನಾವು ನೂರಾರು ಸಲ ನೋಡಿದ್ದೇವೆ. ಆದರೆ ನಾವೆಲ್ಲ ‘ಮೆಜೆ’ ಅಂತ ಬರೆದು, ಕೆಳಗೆ ಬರುವ ಸಲಹೆಯನ್ನು ಒತ್ತುತ್ತಿದ್ದೆವು. ಸಲಹೆಗೆ ಹೆಸರಿನ ಶುರು ಹೊಂದಿದರೆ ಸಾಕು. ಬಟನ್ ಒತ್ತಿದರೆ ಹೆಸರು ಪೂರ್ತಿ ಒಂದೇ ಆಗಿರಬೇಕು. ಆ ದಾರಿಯಲ್ಲಿ ಯಾರೂ ಹೋಗಿಯೇ ಇರಲಿಲ್ಲ.

ಗುರುವಾರ, ರಾತ್ರಿ 8

ಒಂದೊಂದೇ ಹೆಸರು ಬರೆದು ನೋಡಿದೆ. ಜಯನಗರ ಸಿಕ್ಕಿತು, ವಿಜಯನಗರ ಸಿಕ್ಕಿತು, ಯಶವಂತಪುರವೂ ಸಿಕ್ಕಿತು. ಮೆಜೆಸ್ಟಿಕ್, ಕಾರ್ಪೊರೇಷನ್, ಟೌನ್‌ಹಾಲ್ ಸಿಗಲಿಲ್ಲ. ಕಾಗದದಲ್ಲಿ ಎರಡು ಸಾಲಾಗಿ ಬರೆದ ಮೇಲೆ ಕಣ್ಣಿಗೆ ಬಿತ್ತು: ಸಿಗದವೆಲ್ಲ ಅರ್ಧಾಕ್ಷರದಲ್ಲಿ ಮುಗಿಯುತ್ತವೆ.

ಪಟ್ಟಿಯ ಫೈಲ್ ತೆರೆದು ‘ಮೆಜೆಸ್ಟಿಕ್’ ಕೊನೆಗೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದೆ. ಏನೂ ಅಳಿಯಲಿಲ್ಲ. ಇನ್ನೊಂದು ಸಲ ಒತ್ತಿದಾಗ ‘ಕ್’ ಹೋಗಿ ‘ಕ’ ಆಯಿತು. ಹಾಗಾದರೆ ಮೊದಲನೇ ಸಲ ಅಳಿದದ್ದು ಏನು?

```js
"ಮೆಜೆಸ್ಟಿಕ್".length      // 10, ನಾನು ಬರೆದದ್ದು
stops[24].name.length    // 11, ಪಟ್ಟಿಯಲ್ಲಿರುವುದು
stops[24].name.codePointAt(10).toString(16)  // "200c"
```

`U+200C`. ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಅಕ್ಷರ. ಕನ್ನಡಕ್ಕೆ ಇದು ಬೇಕೇ ಬೇಕು. ‘ಮೆಜೆಸ್ಟಿಕ್‌ಗೆ’ ಅಂತ ಬರೆಯುವಾಗ ‘ಕ್’ ಮತ್ತು ‘ಗೆ’ ನಡುವೆ ಇದು ಇರುವುದರಿಂದಲೇ ‘ಗ’ ಒತ್ತಕ್ಷರವಾಗಿ ಕೆಳಗಿಳಿಯುವುದಿಲ್ಲ. ನಮ್ಮ ಪಟ್ಟಿ ಮೊದಲು ಹಳೇ ಫಾಂಟ್‌ನಲ್ಲಿ ಟೈಪ್ ಆಗಿತ್ತು, ಆಮೇಲೆ ಯೂನಿಕೋಡ್‌ಗೆ ಬದಲಾಯಿತು. ಬದಲಾಯಿಸಿದ ಪ್ರೋಗ್ರಾಂ ಅರ್ಧಾಕ್ಷರ ಕಂಡಲ್ಲೆಲ್ಲ, ಪದದ ಕೊನೆಯಲ್ಲೂ, ಇದನ್ನು ಸೇರಿಸಿಬಿಟ್ಟಿದೆ. ಕೊನೆಯಲ್ಲಿದ್ದರೆ ನೋಡಲು ಏನೂ ವ್ಯತ್ಯಾಸವಿಲ್ಲ. ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಪದ.

ಗುರುವಾರ, ರಾತ್ರಿ 11

`trim()` ಹಾಕಿ ನೋಡಿದೆ, ಆಗಲಿಲ್ಲ. ಅದು ಖಾಲಿ ಜಾಗವನ್ನು ತೆಗೆಯುತ್ತದೆ, ಇದು ಆ ಲೆಕ್ಕಕ್ಕೆ ಬರುವುದಿಲ್ಲ. `normalize("NFC")` ಕೂಡ ಇದನ್ನು ಮುಟ್ಟುವುದಿಲ್ಲ.

ಫೈಲ್‌ನಲ್ಲಿ ಇದನ್ನು ಪೂರ್ತಿ ಅಳಿಸಿಬಿಟ್ಟೆ. ಮೆಜೆಸ್ಟಿಕ್ ಸಿಕ್ಕಿತು! ಹಾಗೇ ಪಟ್ಟಿ ನೋಡುತ್ತಾ ಹೋದರೆ ರಾಜಾಜಿನಗರದ ಕಡೆ ಒಂದು ಹೆಸರು ‘ಡಾ. ರಾಜ್ಕುಮಾರ್ ರಸ್ತೆ’ ಆಗಿತ್ತು. ‘ಜ’ ಕೆಳಗೆ ‘ಕ’ ಒತ್ತು. ಈ ಊರಲ್ಲಿ ಆ ಹೆಸರನ್ನು ಹಾಗೆ ತೋರಿಸಿ ಲಾಂಚ್ ಮಾಡಲು ನನಗೆ ಮನಸ್ಸು ಒಪ್ಪಲಿಲ್ಲ. ಫೈಲನ್ನು ಮೊದಲಿನಂತೆ ಮಾಡಿ ಸೀನಿಯರ್‌ಗೆ ಫೋನ್ ಮಾಡಿದೆ.

“ಅಣ್ಣಾ, ಅಳಿಸಿದ್ರೆ ಹೆಸರು ಕೆಡುತ್ತೆ, ಬಿಟ್ರೆ ಸಿಗಲ್ಲ.”

“ತೋರಿಸೋದು ಬೇರೆ, ಹುಡುಕೋದು ಬೇರೆ ಅಲ್ವಾ? ಹೆಸರು ಹಾಗೇ ಇರ್ಲಿ. ಹೋಲಿಸೋವಾಗ ಮಾತ್ರ ತೆಗಿ. ಬಳಸೋರು ಬರೆದಿದ್ದಕ್ಕೂ ಅದನ್ನೇ ಮಾಡು.”

```js
const key = s => s.normalize("NFC")
  .replace(/[\u200c\u200d]/g, "").trim();
```

`200d` ಇದರ ಜೊತೆಗಾರ, ‘ರ‍್ಯಾಂಕ್’ ಥರದ ಪದಗಳಲ್ಲಿ ಬರುತ್ತದೆ. ಕೆಲವರ ಕೀಬೋರ್ಡ್ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಹಾಗಾಗಿ ಅದನ್ನೂ ಸೇರಿಸಿದೆ. ಹೀಗೆ ತೆಗೆದಾಗ ಎರಡು ಬೇರೆ ನಿಲ್ದಾಣಗಳು ಒಂದೇ ಆಗಿಬಿಡಬಾರದಲ್ಲ, ಎಲ್ಲ ಕೀಗಳನ್ನೂ `Set`ಗೆ ಹಾಕಿ ಎಣಿಸಿದೆ. ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟೇ ಬಂತು. ಸಮಾಧಾನವಾಯಿತು. ಅರ್ಧಾಕ್ಷರದಲ್ಲಿ ಮುಗಿಯುವ ಎಲ್ಲ ಹೆಸರಿಗೂ ಟೆಸ್ಟ್ ಬರೆದೆ. ಪಟ್ಟಿಯಿಂದ ಕಾಪಿ ಮಾಡಲಿಲ್ಲ, ಒಂದೊಂದನ್ನೂ ಕೈಯಲ್ಲೇ ಟೈಪ್ ಮಾಡಿದೆ. ಕಾಪಿ ಮಾಡಿದರೆ ಆ ಕಾಣದ ಅಕ್ಷರವೂ ಜೊತೆಗೇ ಬಂದು, ಕೋಡ್ ತಪ್ಪಿದ್ದರೂ ಟೆಸ್ಟ್ ಪಾಸಾಗುತ್ತಿತ್ತು.

ಶುಕ್ರವಾರ, ಬೆಳಿಗ್ಗೆ 9:20

ಅಂಕಲ್ ಹಾಲು ತಂದು ಗೇಟ್ ಹಾಕುತ್ತಿದ್ದರು. ಮತ್ತೆ ಫೋನ್ ಕೊಟ್ಟೆ. ‘ಮೆಜೆಸ್ಟಿಕ್’ ಬರೆದು ಒತ್ತಿದರು, ಬಸ್ಸುಗಳ ಪಟ್ಟಿ ಇಳಿಯಿತು. ಆಮೇಲೆ ತಾವಾಗಿಯೇ ‘ಕಾರ್ಪೋರೇಶನ್’ ಅಂತ ಬರೆದರು. ನಮ್ಮಲ್ಲಿರುವುದು ‘ಕಾರ್ಪೊರೇಷನ್’. ಅದು ಸಿಗಲಿಲ್ಲ. ಕಾಗುಣಿತ ಬೇರೆಯಾದರೆ ನಿನ್ನೆಯ ಕೋಡ್ ಏನೂ ಮಾಡಲಾರದು. ಒಬ್ಬೊಬ್ಬರು ಒಂದೊಂದು ಥರ ಬರೆಯುವ ಹೆಸರುಗಳ ಪಟ್ಟಿ ಶುರು ಮಾಡಿದ್ದೇನೆ. ಮೊದಲ ಸಾಲು ಅಂಕಲ್ ಬರೆದದ್ದೇ.